ನೀರಿಗೆ ಹೆಪ್ಪು ಹಾಕುವ ಓಣಿ

ಹಿರೇಕಲ್ಲಬಾವಿಯ ಕೆಳಗಿನ ಓಣಿಯಲ್ಲಿ ಸೊಳ್ಳೆಯ ಬಗ್ಗೆ ಸಭೆ ಕರೆದಿದ್ದರು. ಸಭೆ ಇನ್ನೂ ಶುರುವಾಗಿರಲಿಲ್ಲ, ಅಷ್ಟರಲ್ಲೇ ನೀರುಗಂಟಿ ಓಬಳೆಪ್ಪ ಸಾಕ್ಷಿಯನ್ನು ಕುಡಿದುಬಿಟ್ಟ.

ಬೇಕೆಂದು ಕುಡಿದದ್ದಲ್ಲ. ಬಿಸಿಲಲ್ಲಿ ಮೂರು ಓಣಿ ಸುತ್ತಿ ಬಂದಿದ್ದ. ಅಂಗನವಾಡಿ ಕಟ್ಟೆಯ ಮೇಲೆ ಮೇಜು, ಮೇಜಿನ ಮೇಲೆ ಬಿಳಿ ತಾಟು, ತಾಟಿನ ಪಕ್ಕದಲ್ಲಿ ತುಂಬಿದ ಸ್ಟೀಲ್ ಲೋಟ ಕಂಡವು. ಇಪ್ಪತ್ತೆರಡು ವರ್ಷ ಊರಿಗೆ ನೀರು ಕುಡಿಸಿದವನಿಗೆ ಊರು ಒಂದು ಲೋಟ ಇಟ್ಟಿದೆ ಎಂದು ತಿಳಿದರೆ ಅದರಲ್ಲಿ ತಪ್ಪೇನು? ಎತ್ತಿ, ಗಂಟಲಿಗೆ ಸುರಿದುಕೊಂಡು, ಮೀಸೆ ಒರೆಸಿಕೊಂಡ.

ಉಪಕೇಂದ್ರದ ಆರೋಗ್ಯಾಧಿಕಾರಿ ಸುರೇಖಾ ಮೇಡಂ ಬ್ಯಾಟರಿ ಹಿಡಿದು ಬಂದವರು ಖಾಲಿ ಲೋಟ ನೋಡಿ ನಿಂತರು.

"ಇದರಾಗಿನ ನೀರು ಎಲ್ಲಿ?"

"ಕುಡದ್ನ್ಯಲ್ರಿ."

"ಅಯ್ಯೋ ಓಬಳೆಪ್ಪಾರ, ಅದರಾಗ ಸೊಳ್ಳಿ ಮರಿ ಇದ್ದುವಲ್ರೀ! ಮಂದಿಗೆ ತೋರ್ಸಾಕಂತ ಇಟ್ಟಿದ್ದೆ!"

ಮೊದಲು ನಕ್ಕವಳು ಆಶಾ ಕಾರ್ಯಕರ್ತೆ ರಾಜಾಬೀ. ಆಮೇಲೆ ಕಟ್ಟೆಯ ಸುತ್ತ ಕುಳಿತ ನಲವತ್ತು ಹೆಂಗಸರು, ಹತ್ತು ಗಂಡಸರು, ಲೆಕ್ಕಕ್ಕೆ ಸಿಗದಷ್ಟು ಮಕ್ಕಳು ಎಲ್ಲರೂ ನಕ್ಕರು. ಓಬಳೆಪ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಳಗೆ ಯಾರಾದರೂ ಹಾರಾಡುತ್ತಿದ್ದಾರೋ ಎಂದು ಆಲಿಸುವವನಂತೆ ತಲೆ ವಾಲಿಸಿದ.

"ಏನೂ ಆಗಂಗಿಲ್ರಿ, ಹೊಟ್ಟ್ಯಾಗ ಸತ್ತು ಹೋಕ್ಕಾವ" ಎಂದರು ಸುರೇಖಾ. "ಆದ್ರ ನನಗೀಗ ಬ್ಯಾರೆ ಮರಿ ಬೇಕಲ್ಲ."

"ಅದಕ್ಕೇನು ಬರ ಐತ್ರಿ?" ಎಂದು ರಾಜಾಬೀ ಲೋಟ ಕಸಿದುಕೊಂಡು ಎದುರಿನ ಮನೆಯ ನೀಲಿ ಬ್ಯಾರಲ್ಲಿಗೆ ಅದ್ದಿದಳು. ಎದುರಿನ ಮನೆ ಪಂಕ್ಚರ್ ಅಂಗಡಿ ಅಕ್ಬರನದು. ಒಂದೇ ಅದ್ದಿಗೆ ಲೋಟ ತುಂಬ ಬಂತು. ಸುರೇಖಾ ಅದನ್ನು ಬಿಳಿ ತಾಟಿಗೆ ಸುರಿದರು. ನಗು ಅಲ್ಲಿಗೆ ನಿಂತಿತು.

ತಾಟಿನಲ್ಲಿ ನೀರು ತುಳುಕುತ್ತಿರಲಿಲ್ಲ, ಆದರೂ ಕುದಿಯುವಂತೆ ಕಾಣುತ್ತಿತ್ತು. ದಾರದ ತುಂಡಿನಂಥ ಹುಳುಗಳು ಬಳುಕಿ ಬಳುಕಿ ಮೇಲೆ ಬರುತ್ತಿದ್ದವು, ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆ ಕೆಳಗಾಗಿ ಜೋತುಬೀಳುತ್ತಿದ್ದವು. ಬ್ಯಾಟರಿ ಬೆಳಕು ಬಿದ್ದೊಡನೆ ಎಲ್ಲವೂ ಒಟ್ಟಿಗೆ ತಳಕ್ಕೆ ಓಡಿದವು. ಇನ್ನು ಕೆಲವು ದುಂಡು ತಲೆಯ, ಕಾಗುಣಿತದ ಕೊಂಬಿನಂತೆ ಬಾಗಿದವು. ಅವು ತಿನ್ನುವುದನ್ನೇ ಬಿಟ್ಟು ಏನನ್ನೋ ಕಾಯುತ್ತಿದ್ದವು.

"ಇವು ಕೋಶ. ಇವಕ್ಕ ಬಾಯಿಲ್ಲ, ಉಣ್ಣಂಗಿಲ್ಲ. ಇನ್ನೊಂದು ದಿನ, ಎರಡು ದಿನ. ಚಿಪ್ಪು ಒಡದು ಸೊಳ್ಳಿ ಆಗಿ ಹಾರ್ತಾವ" ಎಂದರು ಸುರೇಖಾ. "ಈ ಸೊಳ್ಳಿ ಗಟಾರದ್ದಲ್ಲ. ನಿಮ್ಮ ಮನಿ ಒಳಗಿನ ತಿಳಿನೀರಿಂದು. ಮೈಮ್ಯಾಲ ಬಿಳಿ ಪಟ್ಟಿ ಇರ್ತಾವ. ಹಗಲಿನಾಗ ಕಡಿತೈತಿ. ಹೆಣ್ಣು ಅಷ್ಟ ಕಡಿತೈತಿ, ತತ್ತಿಗೆ ರಕ್ತ ಬೇಕಂತ."

"ಗಂಡು ಏನು ಮಾಡ್ತೈತ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸಭಾಕ್ಕ ಬಂದು ಹಿಂದ ಕುಂದರ್ತೈತಿ" ಎಂದಳು ರಾಜಾಬೀ.

ಸೊಳ್ಳೆ ಮರಿ ಮಾಡುವುದು ಮರೆಯಲ್ಲಿ, ನಾವು ಮರೆತಲ್ಲಿ ಎಂಬುದನ್ನು ಸುರೇಖಾ ಒಂದೊಂದಾಗಿ ಬಿಡಿಸಿಟ್ಟರು. ತತ್ತಿ ಇಡುವುದು ನೀರೊಳಗಲ್ಲ, ನೀರಿನ ಗೆರೆಯ ತುಸು ಮೇಲೆ, ಬ್ಯಾರಲ್ಲಿನ ಒದ್ದೆ ಗೋಡೆಗೆ. ಮಸಿಯ ಚುಕ್ಕೆಯಷ್ಟಿರುವ ತತ್ತಿ ಅಲ್ಲೇ ಅಂಟಿಕೊಳ್ಳುತ್ತದೆ. ಬ್ಯಾರಲ್ ಒಣಗಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ನೀರು ಬಂದು ಗೆರೆ ಮೇಲೇರಿದ ದಿನ ಒಡೆಯುತ್ತದೆ. ಅಲ್ಲಿಂದ ಎಂಟು ದಿನಕ್ಕೆ, ಹೆಚ್ಚೆಂದರೆ ಹತ್ತು ದಿನಕ್ಕೆ ಸೊಳ್ಳೆ.

"ಅದಕ್ಕ ವಾರಕ್ಕೊಮ್ಮೆ ಬ್ಯಾರಲ್ಲು, ಸಿಮೆಂಟಿನ ನೀರ ಹೌದು, ದನದ ದೋಣಿ ಎಲ್ಲಾ ಪೂರ್ತಿ ಚೆಲ್ಲಬೇಕು. ಬರೇ ಚೆಲ್ಲಿದ್ರ ಸಾಲಂಗಿಲ್ಲ, ಒಳಗೋಡಿ ಬ್ರಷ್ ಹಾಕಿ ತಿಕ್ಕಬೇಕು. ಒಣಗಿಸಿ, ತುಂಬಿ, ಬಾಯಿಗೆ ಬಟ್ಟಿ ಕಟ್ಟಬೇಕು. ಪ್ರತಿ ಶುಕ್ರವಾರ ಮಾಡ್ರಿ."

"ಶುಕ್ರವಾರ?" ಶಿವಲಿಂಗಮ್ಮ ಎದ್ದು ನಿಂತಳು. ಎಪ್ಪತ್ತು ದಾಟಿದ, ಓಣಿಯ ಪದ್ಧತಿಗಳಿಗೆಲ್ಲ ಕಾವಲಿರುವ ಮುದುಕಿ. "ಶುಕ್ರವಾರ ಹೌದು ಬರಿದು ಮಾಡಿದ್ರ ಲಕ್ಷ್ಮಿ ಹೊಂಟು ಹೋಕ್ಕಾಳವ್ವ. ನಮ್ಮಲ್ಲಿ ಯಾವತ್ತೂ ಬರಿದು ಮಾಡಂಗಿಲ್ಲ. ಒಂದು ಕೊಡ ಹಳೇ ನೀರು ತಳದಾಗ ಬಿಟ್ಟ, ಅದರ ಮ್ಯಾಲ ಹೊಸ ನೀರು ತುಂಬೂದು. ಹೆಪ್ಪು ಇದ್ದಂಗ."

"ಮೊಸರಿಗೆ ಹೆಪ್ಪು ಹಾಕಿದ್ರ ಮೊಸರಾಕ್ಕೈತಿ ಯಮ್ಮಾ. ನೀರಿಗೆ ಹೆಪ್ಪು ಹಾಕಿದ್ರ ಸೊಳ್ಳಿ ಆಕ್ಕೈತಿ. ಆ ಒಂದು ಕೊಡದಾಗ ಇವೆಲ್ಲ ಉಳ್ಕೊಂತಾವ" ಎಂದು ಸುರೇಖಾ ತಾಟನ್ನು ಮುದುಕಿಯ ಕಣ್ಣಿಗೆ ಹಿಡಿದರು.

ಶಿವಲಿಂಗಮ್ಮ ನೋಡಿ, ಸೆರಗು ಮೂಗಿಗೆ ಹಿಡಿದು ಕುಳಿತಳು. ಆದರೆ ಸುಮ್ಮನಾಗಲಿಲ್ಲ. "ಬರಿದು ಮಾಡೂನು ಬಿಡು. ಏಳನೇ ದಿನ ಚೆಲ್ಲು ಅಂತಿ. ನೀರು ಬರೂದು ಹನ್ನೊಂದನೇ ದಿನಕ್ಕ. ನಡುವಿನ ನಾಕು ದಿನ ನಾವೇನು ಇವನ್ನ ಮಾರಿ ನೋಡ್ಕೊಂತ ಕುಂದರೂದೇನು?"

ಮುದುಕಿಯ ಬೆರಳು ತೋರಿದ್ದು ಓಬಳೆಪ್ಪನನ್ನು. ಬೆರಳಿನ ಹಿಂದೆ ಇಡೀ ಸಭೆಯ ಕಣ್ಣೂ ತಿರುಗಿದವು. ನೀರುಗಂಟಿಗೆ ನೀರೇ ಗಂಟುಬಿತ್ತು.

ಓಬಳೆಪ್ಪ ಹೆಗಲ ಮೇಲಿನ ವಾಲ್ ಕೀಲಿಯನ್ನು, ಅಂದರೆ ನೆಲದಡಿಯ ವಾಲ್ ತಿರುಗಿಸುವ ಟಿ ಆಕಾರದ ಕಬ್ಬಿಣದ ಸಲಾಕೆಯನ್ನು, ಒಂದು ಹೆಗಲಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಬೆರಳು ಮಡಿಚಿ ಎಣಿಸುತ್ತಿದ್ದ. ಕೆಳಗಿನ ಓಣಿಗೆ ನೀರು ಬಿಟ್ಟು ಇವತ್ತಿಗೆ ಎಂಟು ದಿನ. ಸೊಳ್ಳೆ ಹಾರುವ ದಿನ.

ಆತನ ಬದುಕಿನಲ್ಲಿ ಹೆಮ್ಮೆ ಪಡುವಂಥದ್ದು ಇದ್ದದ್ದು ಒಂದೇ: ಪಾಳಿ. ಅಪ್ಪ ಊರ ಬಾವಿಯಿಂದ ಎತ್ತು ಕಟ್ಟಿ ಕಪ್ಪಲಿ ಹೊಡೆದು ನೀರೆತ್ತುತ್ತಿದ್ದ. ಮಗನ ಕಾಲಕ್ಕೆ ಬೋರು, ಮೋಟರು, ಎತ್ತರದ ಟಾಕಿ ಬಂದವು. ಓಬಳೆಪ್ಪನ ಕೈಗೆ ಕೀಲಿ ಬಂತು. ಯಾವ ಓಣಿಗೆ ಯಾವ ದಿನ, ಯಾರ ನಲ್ಲಿ ಎತ್ತರದಲ್ಲಿದೆ, ಯಾರದು ತಗ್ಗಿನಲ್ಲಿದೆ ಎಂಬುದನ್ನು ಅವನು ಎಲ್ಲೂ ಬರೆದಿಟ್ಟವನಲ್ಲ. ತನ್ನ ಮಗಳ ಮದುವೆಯ ದಿನವೂ ಸ್ವಂತ ಮನೆಗೆ ಪಾಳಿ ತಪ್ಪಿಸಿ ನೀರು ಬಿಟ್ಟುಕೊಂಡಿರಲಿಲ್ಲ, ಬೀಗರು ಟ್ಯಾಂಕರಿನ ನೀರಲ್ಲಿ ಕೈ ತೊಳೆದಿದ್ದರು. "ಪಾಳಿ ಅಂದ್ರ ಪಾಳಿ" ಎನ್ನುವುದು ಅವನ ಮಂತ್ರ.

ಆ ಪಾಳಿಯಲ್ಲಿ ಒಂದು ತೂತು ಇತ್ತು, ಅದಕ್ಕೂ ಅವನು ಒಗ್ಗಿಕೊಂಡಿದ್ದ. ಊರಿಗೆ ಆರು ಓಣಿ. ಟಾಕಿ ದಿನಕ್ಕೊಮ್ಮೆ ತುಂಬಿದರೆ ನಾಲ್ಕು ತಾಸು ನೀರು. ಒಂದು ಓಣಿ ಪೂರ್ತಿ ತುಂಬಿಕೊಳ್ಳಲು ನಾಲ್ಕು ತಾಸು ಬೇಕು. ಆದರೆ ಪಂಚಾಯಿತಿ ಅಧ್ಯಕ್ಷ ಕರಿಬಸಪ್ಪನವರ ಮನೆಯಿರುವ ಮೇಲಿನ ಓಣಿಗೆ ದಿನವೂ ಎರಡು ತಾಸು. ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದು ಮರೆತುಹೋಗುವಷ್ಟು ಹಳೆಯ ಮಾತು. ಉಳಿದ ಎರಡು ತಾಸನ್ನು ಐದು ಓಣಿ ಹಂಚಿಕೊಂಡರೆ ಹತ್ತು ದಿನ, ನಡುವೆ ಒಂದು ದಿನ ಕೈಕೊಡುವ ಕರೆಂಟಿಗೆ ದಕ್ಷಿಣೆ. ಹೀಗೆ ಹನ್ನೊಂದು. ಈ ಲೆಕ್ಕ ಓಬಳೆಪ್ಪನಿಗೆ ಬಾಯಿಪಾಠ. ಸೊಳ್ಳೆಗೂ ಒಂದು ಲೆಕ್ಕವಿದೆ, ಆ ಎರಡೂ ಲೆಕ್ಕ ಒಂದಕ್ಕೊಂದು ಇಷ್ಟು ಚೆನ್ನಾಗಿ ಕೂಡುತ್ತವೆ ಎಂಬುದು ಮಾತ್ರ ಇವತ್ತೇ ತಿಳಿದದ್ದು.

ಸಭೆ ಮುಗಿಯುವ ಹೊತ್ತಿಗೆ ಅಕ್ಬರ ಅಂಗಡಿ ಮುಚ್ಚಿ ಬಂದ. ಕೈಯಲ್ಲಿ ಬೆಲ್ಲ, ಹುರಿದ ಕಡಲೆಯ ಪುಠಾಣಿ. ಸಿಕ್ಕವರಿಗೆಲ್ಲ ಹಂಚುತ್ತಿದ್ದ.

"ತಗೋ ಕಾಕಾ, ಬಾಯಿ ಸಿಹಿ ಮಾಡ್ಕೋ. ಖುಷ್ಬುಗ ಜ್ವರ ಬಿಟ್ಟೈತಿ. ಮೈ ತಣ್ಣಗ ಐತಿ ಈಗ."

ಖುಷ್ಬು ಅವನ ಒಂಬತ್ತು ವರ್ಷದ ಮಗಳು. ನಾಲ್ಕು ದಿನದಿಂದ ಜ್ವರದಲ್ಲಿ ಮಲಗಿದ್ದಳು. ಓಬಳೆಪ್ಪ ಪುಠಾಣಿ ಬಾಯಿಗೆ ಹಾಕಿಕೊಳ್ಳುವವನಿದ್ದ. ಸುರೇಖಾ ಮೇಡಂ ಮುಖ ನೋಡಿ ಕೈ ಇಳಿಸಿದ. ಸಂತೋಷದ ಸುದ್ದಿ ಕೇಳಿದವರ ಮುಖ ಹಾಗೆ ಇರುವುದಿಲ್ಲ.

"ಎಷ್ಟು ದಿನ ಆತು ಜ್ವರ ಬಂದು?"

"ನಾಕು ದಿನರಿ ಮೇಡಂ. ಇವತ್ತ ಮುಂಜಾನೆ ಬಿಟ್ಟೈತಿ."

"ಹೊಟ್ಟಿನೋವು ಅಂತಾಳೇನು? ವಾಂತಿ?"

"ಎರಡು ಮೂರು ಸಲ ಆತ್ರಿ. ಖಾಲಿ ಹೊಟ್ಟಿ ಅಲ್ರಿ, ಅದಕ್ಕ."

ಸುರೇಖಾ ಅಷ್ಟರಲ್ಲಿ ಅಕ್ಬರನ ಮನೆಯೊಳಗೆ ಹೋಗಿಯಾಗಿತ್ತು. ಓಬಳೆಪ್ಪ ಬಾಗಿಲಲ್ಲಿ ನಿಂತು ನೋಡಿದ. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೇಡಂ ಕೈ ಮುಟ್ಟಿದರು, ಉಗುರು ಒತ್ತಿ ಬಿಟ್ಟು ಬಣ್ಣ ಮರಳುವುದನ್ನು ಎಣಿಸಿದರು, ತುಟಿ ಎತ್ತಿ ವಸಡು ನೋಡಿದರು. ವಸಡಿನಲ್ಲಿ ಕೆಂಪು ಗೆರೆ.

"ತಣ್ಣಗಲ್ಲ ಇದು, ತಂಡಿ ಬಿದ್ದೈತಿ" ಎಂದರು ರಾಜಾಬೀಗೆ, ಮೆಲ್ಲಗೆ. "ಡೆಂಗಿಯೊಳಗ ಜ್ವರ ಇಳಿಯೂ ಹೊತ್ತಿಗೇ ಗಂಡಾಂತರ. ನೂರಾ ಎಂಟಕ್ಕ ಫೋನ್ ಹಚ್ಚು. ಕೊಪ್ಪಳ ದವಾಖಾನಿಗೆ. ಈಗ."

ಬೆಲ್ಲ ಅಕ್ಬರನ ಅಂಗೈಯಲ್ಲೇ ಕರಗುತ್ತಿತ್ತು. ಆಂಬುಲೆನ್ಸ್ ಬರಲು ನಲವತ್ತು ನಿಮಿಷ. ಮಗಳನ್ನು ಎತ್ತಿಕೊಂಡು ಹೊರಗೆ ಬಂದವನು ಬ್ಯಾರಲ್ಲಿನ ಪಕ್ಕ ಹಾಯುವಾಗ ಒಂದು ಗಳಿಗೆ ನಿಂತ.

"ಕಾಕಾ, ಈ ನೀರು ನಾನು ಬ್ರಷ್ ಹಾಕಿ ತಿಕ್ಕಿ ತುಂಬಿದ್ನ್ಯೋ ಇಲ್ಲೋ, ನಿನಗ ನೆನಪೈತೇನು?"

ಓಬಳೆಪ್ಪನಿಗೆ ನೆನಪಿತ್ತು. ಎಂಟು ದಿನದ ಹಿಂದೆ, ತಗ್ಗಿನ ನಲ್ಲಿಗೆ ನೀರು ಬರುತ್ತಿದೆಯೋ ಎಂದು ನೋಡಲು ಇಣುಕಿದ್ದ. ತಳದಲ್ಲಿ ಒಂದು ಕೊಡದಷ್ಟು ಹಳೇ ನೀರಿತ್ತು. ಓಣಿಯ ಪದ್ಧತಿ, ಹಿಂದಿನ ಪಾಳಿಗಳಲ್ಲೂ ಹಾಗೇ ಇತ್ತು. ಅದರ ಮೇಲೆ ಹೊಸ ನೀರು ಬಿದ್ದಿತ್ತು.

"ನೆನಪಿಲ್ಲಪಾ" ಎಂದ. ಇಪ್ಪತ್ತೆರಡು ವರ್ಷದಲ್ಲಿ ಅವನು ನೀರಿನ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು.

ಮರುದಿನ ಬೆಳಿಗ್ಗೆ ರಾಜಾಬೀ ಮನೆಮನೆ ಸಮೀಕ್ಷೆಗೆ ಹೊರಟಳು. ಓಬಳೆಪ್ಪ ಕರೆಯದೆ ಹಿಂದೆ ಬಂದ.

"ನಿಮ್ಮ ಕೀಲಿಗೆ ನಮ್ಮಲ್ಲಿ ಏನು ಕೆಲಸರಿ?"

"ಬ್ಯಾಟರಿ ಹಿಡೀತೀನಿ, ನಡಿ ತಂಗಿ."

ಬ್ಯಾರಲ್ಲಿಗೆ ಬ್ಯಾಟರಿ ಬಿಡುವ ಮೊದಲೇ ಅವನು ಹೇಳುತ್ತಿದ್ದ. ಬಡಿಗ್ಯಾರ ಓಣಿಗೆ ನೀರು ಬಿಟ್ಟು ಮೂರು ದಿನ: "ಇಲ್ಲಿ ಸಣ್ಣವು, ಕಣ್ಣಿಗೆ ಬೀಳಂಗಿಲ್ಲ." ಅದರ ಪಕ್ಕದ ಓಣಿಗೆ ಏಳು ದಿನ: "ಇಲ್ಲಿ ದೊಡ್ಡವು, ನಾಕೈದು ಕೊಂಬು ಇದ್ದಾವು." ಮುಚ್ಚಳ ತೆಗೆದರೆ ಅಷ್ಟೇ ಇರುತ್ತಿತ್ತು. ಕೆಳಗಿನ ಓಣಿಗೆ ಬಂದಾಗ ಅವನೇ ಮುಂದಾಗಿ ಮುಚ್ಚಳ ತೆಗೆದ. ಅಲ್ಲಿಯ ಬ್ಯಾರಲ್ಲುಗಳಲ್ಲಿ ಖಾಲಿ ಚಿಪ್ಪು ತೇಲುತ್ತಿದ್ದವು. ಒಳಗಿದ್ದವರು ಹಾರಿಹೋಗಿದ್ದರು.

"ಅಲ್ರಿ, ಹೆಂಗ್ ಗೊತ್ತಾಕ್ಕೈತಿ ನಿಮಗ?" ರಾಜಾಬೀ ಈಗ ನಗುತ್ತಿರಲಿಲ್ಲ.

"ಹುಟ್ಟಿದ ದಿನ ನಾನ ಬರದೀನಲ್ಲವಾ. ಜಾತಕ ನನ್ನ ಹತ್ರ ಇರ್ತೈತಿ."

ಕೊನೆಗೆ ಮೇಲಿನ ಓಣಿ. ಅಲ್ಲಿ ಬ್ಯಾಟರಿ ಹಾಕಲು ಜಾಗವೇ ಸಿಗಲಿಲ್ಲ. ದಿನಾ ನಲ್ಲಿ ಬರುವ ಮನೆಯಲ್ಲಿ ಬ್ಯಾರಲ್ ಯಾರಿಟ್ಟಾರು? ಜ್ವರ ಎಂದು ಕೇಳಿದರೆ ಯಾವ ಜ್ವರ ಎಂದು ಕೇಳಿದರು.

ಸಂಜೆಯ ಹೊತ್ತಿಗೆ ಎರಡು ಸುದ್ದಿ. ಕೊಪ್ಪಳದಿಂದ ಅಕ್ಬರ ಫೋನ್ ಮಾಡಿದ್ದ: ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರಕ್ಕೆ ಇಳಿದಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ಡಾಕ್ಟರು ಏನೂ ಹೇಳುತ್ತಿಲ್ಲ. ಇನ್ನೊಂದು, ಕೆಳಗಿನ ಓಣಿಯಲ್ಲೇ ಇನ್ನೆರಡು ಮನೆಯಲ್ಲಿ ಜ್ವರ. ಟೇಲರ್ ಪಕೀರಪ್ಪನಿಗೆ, ಶಿವಲಿಂಗಮ್ಮನ ಮೊಮ್ಮಗಳು ಐಶ್ವರ್ಯಳಿಗೆ. ಸುರೇಖಾ ಮೇಡಂ ಹೇಳಿದ್ದು ಓಬಳೆಪ್ಪನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು: ಈ ಸೊಳ್ಳೆ ದೂರ ಹಾರುವುದಿಲ್ಲ, ಆದರೆ ಒಬ್ಬರಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದೂ ಇಲ್ಲ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಕುಡಿಯುತ್ತ ಮನೆಯಿಂದ ಮನೆಗೆ ಪಾಳಿ ಹಚ್ಚಿ ಹೋಗುತ್ತದೆ.

ಪಾಳಿ ಹಚ್ಚಿ. ಆ ಮಾತು ಅವನಿಗೆ ಸೇರಲಿಲ್ಲ.

ಅಧ್ಯಕ್ಷ ಕರಿಬಸಪ್ಪ ಜೋಕಾಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಓಬಳೆಪ್ಪ ಮೆಟ್ಟಿಲ ಕೆಳಗೆ ನಿಂತು, ನಿನ್ನೆಯಿಂದ ಕಟ್ಟಿಕೊಂಡಿದ್ದ ಲೆಕ್ಕವನ್ನು ಒಂದೇ ಉಸಿರಿಗೆ ಬಿಚ್ಚಿದ.

"ಮ್ಯಾಲಿನ ಓಣಿಗೆ ದಿನಾ ಬಿಡೂದು ನಿಲ್ಲಿಸಿದ್ರ, ಆರು ಓಣಿಗೆ ಆರು ದಿನರಿ. ದಿನಕ್ಕೊಂದು ಓಣಿ, ನಾಕು ತಾಸು. ಏಳನೇ ದಿನ ಟಾಕಿ ತೊಳೀಬಹುದು. ಪ್ರತಿ ಓಣಿಗೂ ವಾರಕ್ಕೊಂದು ಕಾಯಂ ದಿನ. ಆ ದಿನ ಮುಂಜಾನೆ ಬ್ಯಾರಲ್ ತಳಕ್ಕ ಬಂದಿರ್ತೈತಿ, ತಿಕ್ಕಿ ತುಂಬ್ತಾರ. ಸೊಳ್ಳಿಗೆ ಎಂಟನೇ ದಿನ ಸಿಗಂಗಿಲ್ರಿ."

"ಭಾಳ ಛಲೋ ಭಾಷಣ" ಎಂದರು ಕರಿಬಸಪ್ಪ. "ಸೊಳ್ಳಿ ನುಂಗಿದ ಮ್ಯಾಲ ಬುದ್ಧಿ ಬಂದೈತಿ ನೋಡು ನಿನಗ. ಅಲ್ಲಪಾ, ನಮ್ಮ ಓಣ್ಯಾಗ ಒಂದರ ಸೊಳ್ಳಿ ತೋರ್ಸು."

"ಇಲ್ರಿ. ಅದನ್ನ ಹೇಳಾಕ ಬಂದೀನಿ. ದಿನಾ ನೀರು ಬರ್ತಾವ, ಅದಕ್ಕ ಇಲ್ಲ."

"ಹಂಗಾದ್ರ ಎಲ್ಲಾ ಓಣಿಗೂ ದಿನಾ ಬಿಡು!" ಅಧ್ಯಕ್ಷರು ತಮ್ಮ ಜೋಕಿಗೆ ತಾವೇ ಜೋಕಾಲಿ ಜೀಕಿದರು. ಆಮೇಲೆ ಕಾಲೂರಿ ನಿಲ್ಲಿಸಿದರು. ನಗು ಅಷ್ಟು ಬೇಗ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. "ಕೀಲಿ ನಿನ್ನ ಹೆಗಲ ಮ್ಯಾಲ ಐತಿ ಅಂತ ನೀರು ನಿಂದಾತೇನು? ಇವತ್ತು ನಿನ್ನ ಹೆಗಲು, ನಾಳೆ ಮತ್ತೊಬ್ಬರ ಹೆಗಲು. ಫಾಗಿಂಗ್ ಮಷಿನ್ ತರಸ್ತೀನಿ, ಹೊಗಿ ಹಾಕಸ್ತೀನಿ. ಹೋಗು."

ಹೊಗೆ ಹಾರಾಡುವುದನ್ನು ಕೊಲ್ಲುತ್ತದೆ, ಈಜಾಡುವುದನ್ನಲ್ಲ ಎಂದು ಸಭೆಯಲ್ಲಿ ಹೇಳಿದ್ದರು. ಓಬಳೆಪ್ಪ ಅದನ್ನು ಹೇಳಲು ಬಾಯಿ ತೆರೆದ. ಕೀಲಿ ಅಂದು ಎಂದಿಗಿಂತ ಭಾರವಾಗಿತ್ತು. ಅದನ್ನು ಹೆಗಲು ಬದಲಿಸಿಕೊಂಡು ಹೊರಟ.

ಮನೆಗೆ ಹೋಗಲಿಲ್ಲ. ಕೆಳಗಿನ ಓಣಿಗೆ ಹೋಗಿ ರಾಜಾಬೀಯ ಬಾಗಿಲು ಬಡಿದ.

"ತಂಗಿ, ನಾಳೆ ಮುಂಜಾನೆ ಆರಕ್ಕ ಈ ಓಣಿಗೆ ನೀರು ಬಿಡ್ತೀನಿ. ನಾಕು ತಾಸು. ಅಷ್ಟರಾಗ ಎಲ್ಲಾ ಬ್ಯಾರಲ್ಲು ಬರಿದಾಗಿ, ತಿಕ್ಕಿ, ಒಣಗಿರಬೇಕು. ಒಂದು ತಂಬಿಗಿನೂ ತಳದಾಗ ಇರಬಾರದು. ಬಾಯಿಗೆ ಕಟ್ಟಾಕ ಹಳೇ ಸೀರಿ ತಯಾರಿರ್ಲಿ."

"ನಾಳೆ ನಮ್ಮ ಪಾಳಿ ಅಲ್ಲಲ್ರಿ?"

ಓಬಳೆಪ್ಪ ಕೀಲಿಯನ್ನು ಹೆಗಲಿಂದ ಇಳಿಸಿದ. "ಹೌದು" ಎಂದ. "ಅಲ್ಲ."

ಅಂದು ಸಂಜೆ ಕೆಳಗಿನ ಓಣಿಯಲ್ಲಿ ಬ್ರಷ್ಷಿನ ಸದ್ದೋ ಸದ್ದು. ಶಿವಲಿಂಗಮ್ಮನಿಗೆ ಮಾತ್ರ ಕೈ ಏಳಲಿಲ್ಲ. ಒಳಗೆ ಮೊಮ್ಮಗಳು ಜ್ವರದಲ್ಲಿ ನರಳುತ್ತಿದ್ದಳು, ಹೊರಗೆ ಲಕ್ಷ್ಮಿ ಹೊರಟು ನಿಂತಿದ್ದಳು. ಕೊನೆಗೆ ಮುದುಕಿಯೇ ದಾರಿ ಹುಡುಕಿದಳು. ಹಳೇ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಒಂದು ತಂಬಿಗೆ ಎತ್ತಿ ದೇವರ ಮುಂದೆ ಮುಚ್ಚಿಟ್ಟಳು. ಬಟ್ಟೆಯಲ್ಲಿ ಉಳಿದದ್ದನ್ನು ಒಣ ನೆಲದ ಮೇಲೆ ಕೊಡವಿ ಕಾಲಲ್ಲಿ ಹೊಸಕಿದಳು. ಬ್ಯಾರಲ್ ಉರುಳಿಸಿ ಒಳಗೆ ಅರ್ಧ ಮೈ ತೂರಿಸಿ ತಿಕ್ಕಿದಳು. ಹೆಪ್ಪು ಉಳಿಯಿತು, ಹುಳ ಹೋಯಿತು. ಅವಳನ್ನು ನೋಡಿ ಉಳಿದ ಮನೆಗಳಲ್ಲೂ ತಂಬಿಗೆಗಳು ಒಳಗೆ ಹೋದವು, ಬ್ಯಾರಲ್ಲುಗಳು ಅಂಗಳದಲ್ಲಿ ಬೋರಲು ಬಿದ್ದವು.

ಬೆಳಿಗ್ಗೆ ಆರಕ್ಕೆ ಓಬಳೆಪ್ಪ ಮೇಲಿನ ಓಣಿಯ ವಾಲ್ ಬಿಚ್ಚಲಿಲ್ಲ. ಕೆಳಗಿನ ಓಣಿಯ ಗುಂಡಿಗೆ ಇಳಿದು ಕೀಲಿ ಕೂರಿಸಿ ತಿರುಗಿಸಿದ. ಪೈಪಿನಲ್ಲಿ ಗಾಳಿ ಕೆಮ್ಮಿ ನೀರು ಬಂತು.

ಏಳೂವರೆಗೆ ಮೇಲಿನ ಓಣಿಯಿಂದ ಎರಡು ಮೋಟರ್ ಸೈಕಲ್ ಬಂದವು. ಎಂಟಕ್ಕೆ ಅಧ್ಯಕ್ಷರೇ ಬಂದರು. ಮೈಗೆ ಸಾಬೂನು ಹಚ್ಚಿಕೊಂಡ ಮೇಲೆ ನಿನ್ನೆಯ ಬಕೆಟ್ ನೀರು ಮುಗಿದಿತ್ತಂತೆ, ನಲ್ಲಿ ಬಂದಿರಲಿಲ್ಲವಂತೆ. ಕಿವಿಯ ಹಿಂದೆ ಇನ್ನೂ ನೊರೆ ಇತ್ತು.

"ಏ ಓಬಳೆಪ್ಪ! ಮ್ಯಾಲ ಬಾರೋ! ಕೀಲಿ ಕೊಡು ಇಲ್ಲಿ!"

ಓಬಳೆಪ್ಪ ಗುಂಡಿಯೊಳಗಿಂದ ತಲೆಯೆತ್ತಿ ನೋಡಿದ. ಕೀಲಿ ಕೊಡಬೇಕೆಂದೇ ಇದ್ದ. ಕೇಳಿದವರು ಅಧ್ಯಕ್ಷರು, ಅವನು ಕೆಲಸದವನು. ಅಷ್ಟರಲ್ಲಿ ಗುಂಡಿಯ ದಂಡೆಗೆ ಸೀರೆಗಳು ಬಂದು ನಿಂತವು. ಒಂದು, ಹತ್ತು, ಆಮೇಲೆ ಅವನಿಗೆ ಆಕಾಶ ಕಾಣಲಿಲ್ಲ.

"ಬರ್ರಿ ಅಧ್ಯಕ್ಷರ" ಎಂದಳು ರಾಜಾಬೀ, ಭಾಳ ಮರ್ಯಾದೆಯಿಂದ. "ಬ್ಯಾರಲ್ ತಿಕ್ಕಿ ಬರಿದು ಮಾಡಿ ಕುಂತೀವಿ. ಇನ್ನೂ ಅರ್ಧ ಓಣಿಗೆ ಒಂದು ಹನಿ ಬಂದಿಲ್ಲ. ನೀವ ಗುಂಡ್ಯಾಗ ಇಳೀರಿ, ನಿಮ್ಮ ಕೈಯಿಂದನ ಬಂದ್ ಮಾಡ್ರಿ. ಖುಷ್ಬುನ ಅವ್ವ ಕೊಪ್ಪಳದಾಗ ಅದಾಳ, ಫೋನ್ ಹಚ್ಚಿ ಕೊಡ್ತೀನಿ. ಯಾಕ ಬಂದ್ ಮಾಡಿದ್ರಿ ಅಂತ ಆಕಿಗೆ ನೀವ ಹೇಳ್ರಿ."

ಯಾರೂ ಕೂಗಲಿಲ್ಲ. ಅದೇ ಹೆದರಿಕೆಯ ಸಂಗತಿ. ಅರವತ್ತು ಹೆಂಗಸರು ಸುಮ್ಮನೆ ನಿಂತರೆ ಎಷ್ಟು ಸದ್ದಾಗುತ್ತದೆ ಎಂಬುದು ಚುನಾವಣೆ ಗೆದ್ದವರಿಗಷ್ಟೇ ಗೊತ್ತು. ಅಧ್ಯಕ್ಷರು ಗುಂಡಿ ನೋಡಿದರು, ಸೀರೆಗಳನ್ನು ನೋಡಿದರು, ಕಿವಿಯ ನೊರೆ ಒರೆಸಿಕೊಂಡರು.

"ಬಂದ್ ಮಾಡು ಅಂತ ಯಾರಂದ್ರು?" ಎಂದರು ಕೊನೆಗೆ. "ನಿನ್ನೆ ಸಂಜಿಕ ನಾನ ಹೇಳೀನಿ ಓಬಳೆಪ್ಪಗ, ವಾರಕ್ಕೊಂದು ದಿನ ಕಾಯಂ ಮಾಡು ಅಂತ. ಹೌದಿಲ್ಲೋ?"

ಗುಂಡಿಯಿಂದ ನೀರು ಹರಿಯುವ ಸದ್ದು ಮಾತ್ರ ಬಂತು.

ಮುಂದಿನ ದಿನಗಳನ್ನು ಊರು ಬೆರಳ ಮೇಲೆ ಎಣಿಸಿತು. ಕೊಪ್ಪಳದಿಂದ ಫೋನ್ ಬಂದರೆ ಓಣಿಯಲ್ಲಿ ಒಲೆಯ ಮುಂದಿದ್ದವರೂ ಎದ್ದು ಬರುತ್ತಿದ್ದರು. ಪಕೀರಪ್ಪನಿಗೆ ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಸಂಕಟ, ಆದರೂ ಎಂಟನೆಯ ದಿನ ಎದ್ದು ಗಂಜಿ ಕುಡಿದ. ಐಶ್ವರ್ಯ ಚೇತರಿಸಿಕೊಂಡಳು. ಬಡಿಗ್ಯಾರ ಓಣಿಯಲ್ಲಿ ಇನ್ನೊಂದು ಜ್ವರ ಎದ್ದಿತು, ಆಮೇಲೆ ಮತ್ತೊಂದು. ಹಾರಿಹೋದ ಸೊಳ್ಳೆಗಳು ತಮ್ಮ ಆಯುಷ್ಯ ಮುಗಿಸುವವರೆಗೆ ಕೆಲಸ ಮಾಡುತ್ತವೆ ಎಂದು ಸುರೇಖಾ ಮೊದಲೇ ಎಚ್ಚರಿಸಿದ್ದರು. ಓಬಳೆಪ್ಪ ಪ್ರತಿ ಬೆಳಿಗ್ಗೆ ಒಂದು ಓಣಿಗೆ ನೀರು ಬಿಡುವ ಮುನ್ನ ಮನೆಮನೆಗೆ ಹೋಗಿ ಬ್ಯಾರಲ್ಲಿನೊಳಗೆ ಕೈಯಾಡಿಸುತ್ತಿದ್ದ. ಗೋಡೆ ಲೋಳೆಯಾಗಿದ್ದರೆ ಆ ಮನೆಯವರು ಇನ್ನೊಮ್ಮೆ ತಿಕ್ಕುವತನಕ ವಾಲ್ ಬಿಚ್ಚುತ್ತಿರಲಿಲ್ಲ, ಇಡೀ ಓಣಿ ಕಾಯಬೇಕು. ಆದ್ದರಿಂದ ತಿಕ್ಕದವರ ಗತಿಯನ್ನು ಓಣಿಯೇ ನೋಡಿಕೊಳ್ಳುತ್ತಿತ್ತು. ಬರಿದು ಮಾಡಲಾಗದ ದೊಡ್ಡ ಹೌದುಗಳಿಗೆ ಸುರೇಖಾ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ತಂದು ಬಿಟ್ಟರು.

ಹನ್ನೆರಡನೆಯ ದಿನ ಖುಷ್ಬು ಮನೆಗೆ ಬಂದಳು. ಅಪ್ಪನ ಹೆಗಲ ಮೇಲೆ, ಬಟ್ಟೆಯ ಗಂಟಿನಂತೆ. ಓಬಳೆಪ್ಪ ಅವಳ ಕೈ ಮುಟ್ಟಿ ನೋಡಿದ. ಬೆಚ್ಚಗಿತ್ತು.

"ಅಕ್ಬರ, ಅವತ್ತ ನಾನು ಸುಳ್ಳು ಹೇಳಿದೆ. ನಿನ್ನ ಬ್ಯಾರಲ್ ತಳದಾಗ ಹಳೇ ನೀರಿತ್ತು. ನೋಡಿದ್ದೆ."

ಅಕ್ಬರ ಮಗಳನ್ನು ಇನ್ನೊಂದು ಹೆಗಲಿಗೆ ದಾಟಿಸಿಕೊಂಡ. "ನನಗೂ ನೆನಪಿತ್ತು ಕಾಕಾ" ಎಂದ. "ತಿಕ್ಕಿದ್ದಿ ಅಂತ ನೀನರ ಅಂತಿ ಏನಂತ ಕೇಳಿದ್ದೆ."

ಮತ್ತೆ ಒಂದು ತಿಂಗಳು. ಹೊಸ ಜ್ವರವಿಲ್ಲದ ಮೂರು ವಾರ ದಾಟಿದ್ದಕ್ಕೆ ತಾಲೂಕಿನ ವೈದ್ಯಾಧಿಕಾರಿಗಳು ಊರಿಗೆ ಬಂದರು. ಅದೇ ಅಂಗನವಾಡಿ ಕಟ್ಟೆ. ಈ ಸಲ ಶಾಮಿಯಾನ, ಮೈಕು, ಹಾರ. ಆರೂ ಓಣಿಯವರು ಬಂದಿದ್ದರು. ಅಧ್ಯಕ್ಷ ಕರಿಬಸಪ್ಪ ಅರ್ಧ ತಾಸು ಮಾತಾಡಿ, ವಾರದ ಪಾಳಿ ತಮಗೆ ಜೋಕಾಲಿಯಲ್ಲಿ ಕುಳಿತಾಗ ಹೇಗೆ ಹೊಳೆಯಿತು ಎಂಬುದನ್ನು ವರ್ಣಿಸಿದರು.

ಓಬಳೆಪ್ಪ ತಡವಾಗಿ ಬಂದ. ಬೋರಿನ ಮನೆಯ ಕಡೆಯಿಂದ, ಕೈಗೆಲ್ಲ ಎಣ್ಣೆ ಮಸಿ ಮೆತ್ತಿಕೊಂಡು. ಕಂಡದ್ದೇ ತಡ, ಹಿಡಿದು ವೇದಿಕೆಗೆ ಹತ್ತಿಸಿದರು.

"ಮೇಡಂ, ಒಂದು ಮಾತು" ಎಂದ ಸುರೇಖಾ ಕಿವಿಯಲ್ಲಿ.

"ಆಮ್ಯಾಲ ಮಾತಾಡ್ರಿ, ಮೊದಲು ಹಾರ ಹಾಕಿಸ್ಕೋರಿ."

ಹಾರ ಬಿತ್ತು, ಚಪ್ಪಾಳೆ ಬಿತ್ತು. ಶಿವಲಿಂಗಮ್ಮ ನೆಟಿಕೆ ಮುರಿದಳು. ಓಬಳೆಪ್ಪ ಅಧ್ಯಕ್ಷರತ್ತ ವಾಲಿ ಮತ್ತೊಮ್ಮೆ "ಸಾವ್ಕಾರ್ರ, ಒಂದು ಮಾತು..." ಎಂದ. ಅವರು ಅವನ ಬೆನ್ನು ತಟ್ಟಿ ಫೋಟೋದ ಕಡೆ ತಿರುಗಿಸಿದರು.

ವೈದ್ಯಾಧಿಕಾರಿಗಳು ಮೈಕು ಹಿಡಿದು ಅವನ ಹತ್ತಿರ ಬಂದರು. "ಇಡೀ ತಾಲೂಕಿಗೆ ಮಾದರಿ ನೀವು. ಒಂದೇ ಪ್ರಶ್ನೆ ಓಬಳೆಪ್ಪನವರೇ, ನಿಮ್ಮ ಬಾಯಿಂದಲೇ ಜನ ಕೇಳಲಿ. ಇನ್ನು ಮೇಲೆ ಈ ಊರಲ್ಲಿ ನೀರು ಏಳು ದಿನ ದಾಟಿ ನಿಲ್ಲೋದಿಲ್ಲ, ಡೆಂಗಿ ಬರೋದಿಲ್ಲ ಅಂತ ಧೈರ್ಯವಾಗಿ ಹೇಳಬಹುದಲ್ಲವೇ?"

ಮೈಕು ಬಾಯಿಗೆ ತಾಗುವಷ್ಟು ಹತ್ತಿರವಿತ್ತು. ಓಬಳೆಪ್ಪ ಮಸಿಯ ಕೈಯನ್ನು ಹಾರಕ್ಕೆ ತಾಗದಂತೆ ದೂರ ಹಿಡಿದು, ಎದುರಿಗಿದ್ದ ಆರೂ ಓಣಿಗಳನ್ನು ಒಮ್ಮೆ ನೋಡಿದ.

"ಮುಂಜಾನೆ ಮೋಟರ್ ಸುಟ್ಟೈತ್ರಿ. ಹದಿನೈದು ದಿನ ಅಂದಾರ ಮಿಸ್ತ್ರಿ. ಇದ್ದ ನೀರು ಹಿಡಿದು ಇಟ್ಕೋರಿ."